ಅಕ್ಕಿ, ಹಕ್ಕಿ ಮತ್ತು ಅರ್ಧ ಅಂಕ

ಜಯನಗರದಲ್ಲಿ ಕನ್ನಡ ಕಲಿಸುವ ಗೆಳತಿಯೊಬ್ಬರು ಎಂಟನೇ ತರಗತಿಯ ಪ್ರಬಂಧವೊಂದನ್ನು ಹೆಸರು ಮುಚ್ಚಿ, ಅಂಕ ಹಾಕಲು ಕೈಗಿಟ್ಟರು. ‘ನಮ್ಮ ಬಡಾವಣೆಯ ಮರಗಳು.’ ಹೆಚ್ಚೆಂದರೆ ವಿಷಯಕ್ಕೆ 4, ಜೋಡಣೆಗೆ 3, ಭಾಷೆಗೆ 2, ಕಾಗುಣಿತಕ್ಕೆ 1 ಅಂಕ.

ಮೊದಲ ಸಾಲಲ್ಲೇ ‘ಹಕ್ಕಿ’ ಹೋಗಿ ‘ಅಕ್ಕಿ’ ಆಗಿತ್ತು. ಮುಂದೆ ಮೂರು ಸಲ ಅದೇ. ನನ್ನ ಮನಸ್ಸು ಆಗಲೇ ಅಂಕ ಕಡಿಯತೊಡಗಿತು. ಆದರೆ ನಾಲ್ಕು ಸಲ ಬಂದರೂ ತಪ್ಪು ಒಂದೇ. ಕಾಗುಣಿತದಲ್ಲಿ ಅರ್ಧ ಅಂಕ ಕಳೆದು, ಅದನ್ನು ಬದಿಗಿಟ್ಟು ಮತ್ತೆ ಓದಿದೆ. ಮಳೆಗೆ ಉರುಳಿದ ಮರದ ಬುಡಕ್ಕೆ ಕಾಂಕ್ರೀಟ್ ಬಿಗಿದಿತ್ತೆಂದು ಮಗು ತಾನೇ ಕಂಡು ಬರೆದಿತ್ತು! ವಿಷಯಕ್ಕೆ ಪೂರ್ತಿ 4, ಭಾಷೆಗೆ 2. ಆ ಮಾತು ಕೊನೆಯಲ್ಲಿ ಅಡಗಿದ್ದರಿಂದ ಜೋಡಣೆಗೆ 2. ಒಟ್ಟು ಎಂಟೂವರೆ.

ಅಂಚಿನಲ್ಲಿ ಬರೆದೆ: ‘ಕಾಂಕ್ರೀಟಿನ ಮಾತನ್ನು ಮೊದಲ ಪ್ಯಾರಾಕ್ಕೆ ತಂದು ನೋಡು.’