14 ದಿನ ಎಂದರೆ ಯಾವ ದಿನ?



1979ರಲ್ಲಿ ಲಿವರ್‌ಪೂಲಿನ ಕ್ರಿಸ್ಸಿ ಮಾಹರ್ ಎಂಬ ಮಹಿಳೆ ಲಂಡನ್ನಿನ ಪಾರ್ಲಿಮೆಂಟ್ ಸ್ಕ್ವೇರಿನಲ್ಲಿ ನಿಂತು ನೂರಾರು ಸರಕಾರಿ ಕಾಗದಪತ್ರಗಳನ್ನು ಎಲ್ಲರೆದುರು ಚೂರುಚೂರು ಮಾಡಿದರು. ಹದಿಹರೆಯದ ನಡುಭಾಗದವರೆಗೂ ಓದಲು ಬಾರದಿದ್ದ ಅವರು, ಜನಸಾಮಾನ್ಯರ ಬದುಕನ್ನು ನಿರ್ಧರಿಸುವ ಕಾಗದ ಅವರಿಗೇ ಅರ್ಥವಾಗದಿರುವುದನ್ನು ಪ್ರತಿಭಟಿಸುತ್ತಿದ್ದರು. ಪ್ಲೇನ್ ಇಂಗ್ಲಿಷ್ ಕ್ಯಾಂಪೇನ್ ಆರಂಭವಾದುದು ಹಾಗೆ. ಉದ್ದನೆಯ ಪದದ ಬದಲು ಚಿಕ್ಕ ಪದ ಬಳಸಿ ಎಂಬ ಸಲಹೆ ಅಂದಿನಿಂದ ಈ ದೇಶದ ಕಚೇರಿಗಳಲ್ಲಿ ಸಾಮಾನ್ಯವಾಯಿತು. ಇಂಗ್ಲಿಷ್ ತಾಯ್ನುಡಿಯಾದವರಿಗೆ ಅದು ಒಳ್ಳೆಯ ಸಲಹೆಯೇ. ಆದರೆ ಹೌನ್ಸ್ಲೋದಲ್ಲಿಯೋ ಈಸ್ಟ್ ಹ್ಯಾಮಿನಲ್ಲಿಯೋ ಕುಳಿತು ತಮ್ಮ ವಕೀಲರ ಪತ್ರವನ್ನು ಓದುವ ಕನ್ನಡಿಗರಿಗೆ ಅಷ್ಟು ಸಾಲದು. ಅವರನ್ನು ಎಡವಿಸುವುದು ಬಹುಮಟ್ಟಿಗೆ ಚಿಕ್ಕ ಪದಗಳೇ.

ಒಂದು ಕಲ್ಪಿತ ಕಡತವನ್ನು ತೆಗೆದುಕೊಳ್ಳಬಹುದು. ಹಾಸನದ ಕಡೆಯ ಮಹಿಳೆಯೊಬ್ಬರು ಹೌನ್ಸ್ಲೋದಲ್ಲಿ ಗಂಡನೊಡನೆ ವಾಸವಾಗಿದ್ದಾರೆ. ವೀಸಾ ಮುಗಿಯುವ ಮೊದಲೇ ಅದರ ವಿಸ್ತರಣೆಗೆ ಅರ್ಜಿ ಹಾಕಿದ್ದಾರೆ. ಹೋಮ್ ಆಫೀಸ್ ಅದನ್ನು ತಿರಸ್ಕರಿಸಿ, ಮೇಲ್ಮನವಿಯ ಹಕ್ಕು ಇದೆ ಎಂದು ತಿಳಿಸುವ ಪತ್ರವನ್ನು 2025ರ ಮಾರ್ಚ್ 3, ಸೋಮವಾರ ಕಳುಹಿಸಿದೆ. ದೇಶದೊಳಗೆ ಇರುವವರು ಇಂಥ ನಿರ್ಧಾರ ಕಳುಹಿಸಲಾದ ದಿನದಿಂದ 14 ದಿನಗಳೊಳಗೆ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬೇಕು. ಇಲ್ಲಿ ಕೊನೆಯ ದಿನ ಮಾರ್ಚ್ 17.

ಮಾರ್ಚ್ 6ರಂದು ಅವರ ವಕೀಲರು ಹೀಗೆ ಬರೆಯುತ್ತಾರೆ: ‘ಶುಡ್ ಯು ವಿಶ್ ಟು ಚಾಲೆಂಜ್ ದಿ ಡಿಸಿಷನ್, ಯು ಮೇ ವಿಶ್ ಟು ಲೆಟ್ ಅಸ್ ಹ್ಯಾವ್ ಯುವರ್ ಇನ್‌ಸ್ಟ್ರಕ್ಷನ್ಸ್, ಟುಗೆದರ್ ವಿತ್ ಫಂಡ್ಸ್ ಆನ್ ಅಕೌಂಟ್, ವಿದಿನ್ 14 ಡೇಸ್, ಫೇಲಿಂಗ್ ವಿಚ್ ವಿ ಶಲ್ ಅಸ್ಯೂಮ್ ಯು ಡು ನಾಟ್ ವಿಶ್ ಟು ಟೇಕ್ ಮ್ಯಾಟರ್ಸ್ ಫರ್ದರ್.’

ಲಂಡನ್ನಿನ ವಕೀಲರಿಗೆ ಇದು ದಿನನಿತ್ಯದ, ಸೌಜನ್ಯದ ವಾಕ್ಯ. ಹಾಸನದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿತವರಿಗೆ ಇದು ಬೇರೆಯೇ ಹೇಳುತ್ತದೆ. ‘ಶುಡ್’ ಎಂದರೆ ‘ಬೇಕು’ ಎಂದು ಅವರು ಕಲಿತಿದ್ದಾರೆ. ಇಲ್ಲಿ ಅದರ ಅರ್ಥ ‘ಒಂದು ವೇಳೆ’. ‘ಮೇ ವಿಶ್’ ಎಂಬುದು ಅವರಿಗೆ ‘ಇಷ್ಟವಿದ್ದರೆ ಮಾಡಬಹುದು’ ಎಂದು ಕೇಳಿಸುತ್ತದೆ. ವಕೀಲರ ಮನಸ್ಸಿನಲ್ಲಿರುವುದು ‘ಮಾಡಲೇಬೇಕು’. ‘ಇನ್‌ಸ್ಟ್ರಕ್ಷನ್ಸ್’ ಎಂಬುದು ಮೇಲಿನವರು ಕೆಳಗಿನವರಿಗೆ ಕೊಡುವ ಸೂಚನೆ ಎಂಬುದೇ ಅವರ ಅನುಭವ. ಆದ್ದರಿಂದ ವಕೀಲರೇ ಮುಂದಿನ ಸೂಚನೆ ಕಳುಹಿಸುತ್ತಾರೆಂದು ಅವರು ಕಾಯುತ್ತಾರೆ. ‘ಫಂಡ್ಸ್ ಆನ್ ಅಕೌಂಟ್’ ಎಂದರೆ ಮುಂಗಡ ಹಣ. ಅವರಿಗೆ ತೋಚುವುದು ಬ್ಯಾಂಕ್ ಖಾತೆಯಲ್ಲಿ ಇರಬೇಕಾದ ಮೊತ್ತ. ವೀಸಾ ಅರ್ಜಿಗಾಗಿ ಬ್ಯಾಂಕ್ ದಾಖಲೆಗಳನ್ನು ಕೊಟ್ಟವರಿಗೆ ಹಾಗೆ ತೋಚುವುದು ಸಹಜವೂ ಹೌದು.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ‘ವಿದಿನ್ 14 ಡೇಸ್’. ಯಾವ ದಿನದಿಂದ ಎಂದು ಪತ್ರ ಹೇಳುವುದಿಲ್ಲ. ಕೈಯಲ್ಲಿರುವ ಪತ್ರದ ತಾರೀಖಿನಿಂದ ಎಣಿಸಿದರೆ ಮಾರ್ಚ್ 20 ಬರುತ್ತದೆ. ಅಷ್ಟರಲ್ಲಿ ಗಡುವು ಮುಗಿದು ಮೂರು ದಿನವಾಗಿರುತ್ತದೆ. ಅವಧಿ ಮೀರಿದ ಮೇಲ್ಮನವಿಯನ್ನು ಸ್ವೀಕರಿಸುವ ಅಧಿಕಾರ ನ್ಯಾಯಮಂಡಳಿಗೆ ಇದೆ, ಆದರೆ ಅದು ಅರ್ಜಿದಾರರ ಹಕ್ಕಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿ ಮತ್ತೊಂದಿದೆ. ಸಮಯಕ್ಕೆ ಸರಿಯಾಗಿ ಅರ್ಜಿ ಹಾಕಿದವರ ಹಳೆಯ ವೀಸಾ, ಮೇಲ್ಮನವಿಗೆ ಕೊಟ್ಟ ಅವಧಿಯಲ್ಲಿಯೂ 1971ರ ವಲಸೆ ಕಾಯ್ದೆಯ 3ಸಿ ಕಲಮಿನ ಅಡಿಯಲ್ಲಿ ಮುಂದುವರಿಯುತ್ತದೆ. ಮೇಲ್ಮನವಿ ಹಾಕದೆ ಅವಧಿ ಕಳೆದರೆ ಆ ರಕ್ಷಣೆಯೂ, ಅದರೊಡನೆ ಕೆಲಸ ಮಾಡುವ ಹಕ್ಕೂ ಹೋಗುತ್ತವೆ. ಒಂದು ಅಸ್ಪಷ್ಟ ವಾಕ್ಯದ ಬೆಲೆಯನ್ನು ತೆರುವವರು ಅದನ್ನು ಬರೆದವರಲ್ಲ, ಓದಿದವರು.

ಅದೇ ಪತ್ರವನ್ನು ಹೀಗೂ ಬರೆಯಬಹುದು: ‘ದಿ ಹೋಮ್ ಆಫೀಸ್ ರೆಫ್ಯೂಸ್ಡ್ ಯುವರ್ ಅಪ್ಲಿಕೇಶನ್. ಯು ಕ್ಯಾನ್ ಅಪೀಲ್. ದಿ ಲಾಸ್ಟ್ ಡೇ ಟು ಅಪೀಲ್ ಈಸ್ ಮಂಡೇ 17 ಮಾರ್ಚ್ 2025. ಇಫ್ ಯು ವಾಂಟ್ ಅಸ್ ಟು ಅಪೀಲ್ ಫಾರ್ ಯು, ಯು ಮಸ್ಟ್ ಡು ಟೂ ಥಿಂಗ್ಸ್ ಬಿಫೋರ್ 4 ಪಿಎಂ ಆನ್ ಟ್ಯೂಸ್ಡೇ 11 ಮಾರ್ಚ್.’ ಅದರ ಕೆಳಗೆ ಆ ಎರಡು ಕೆಲಸಗಳು ಒಂದೊಂದು ಸಾಲಿನಲ್ಲಿ: ‘ಅಪೀಲ್ ಮಾಡಿ’ ಎಂದು ಇಮೇಲ್ ಕಳುಹಿಸುವುದು, ಇಂತಿಷ್ಟು ಪೌಂಡ್ ಶುಲ್ಕವನ್ನು ಇಂಥ ಖಾತೆಗೆ ಕಟ್ಟುವುದು. ಕೊನೆಗೆ: ‘ಇಫ್ ಯು ಡು ನಾಟ್ ಡು ದೀಸ್ ಟೂ ಥಿಂಗ್ಸ್, ವಿ ವಿಲ್ ನಾಟ್ ಅಪೀಲ್ ಫಾರ್ ಯು.’

ಇಲ್ಲಿ ಪ್ರತಿ ವಾಕ್ಯದಲ್ಲಿಯೂ ಮಾಡುವವರು ಯಾರೆಂಬುದು ಇದೆ. ದಿನಗಳ ಲೆಕ್ಕವನ್ನು ಓದುಗರಿಗೆ ಬಿಡದೆ ವಕೀಲರೇ ಮಾಡಿ, ವಾರವನ್ನೂ ತಾರೀಖನ್ನೂ ಬರೆದಿದ್ದಾರೆ. ನ್ಯಾಯಮಂಡಳಿಯ ಗಡುವು ಯಾವುದು, ಕಚೇರಿಯ ಗಡುವು ಯಾವುದು ಎಂಬುದು ಬೇರೆಬೇರೆಯಾಗಿ ಕಾಣುತ್ತದೆ. ‘ಮಸ್ಟ್’ ಎಂಬ ಪದ ಒರಟಾಯಿತೆಂದು ಇಲ್ಲಿನವರು ಹಿಂಜರಿಯುತ್ತಾರೆ. ಸೌಜನ್ಯವನ್ನು ಪತ್ರದ ಮೊದಲ ಸಾಲಿನಲ್ಲಿಯೂ ಕೊನೆಯ ಸಾಲಿನಲ್ಲಿಯೂ ತೋರಿಸಬಹುದು, ಕಡ್ಡಾಯವಾದುದನ್ನು ಹೇಳುವ ವಾಕ್ಯದಲ್ಲಿ ಅದು ಬೇಡ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಈ ಪತ್ರದಲ್ಲಿ ‘ಟರ್ನ್ಡ್ ಡೌನ್’ ಎಂದಿಲ್ಲ, ‘ರೆಫ್ಯೂಸ್ಡ್’ ಎಂದಿದೆ. ಇಂಗ್ಲಿಷರಿಗೆ ‘ಟರ್ನ್ ಡೌನ್’, ‘ಪುಟ್ ಆಫ್’ ಎಂಬಂಥ ಜೋಡಿಪದಗಳು ಸುಲಭ. ಪುಸ್ತಕದಿಂದ ಇಂಗ್ಲಿಷ್ ಕಲಿತ ಕನ್ನಡಿಗರಿಗೆ ‘ರೆಫ್ಯೂಸ್’, ‘ಪೋಸ್ಟ್‌ಪೋನ್’ ಹೆಚ್ಚು ಪರಿಚಿತ. ಸರಳ ಎಂಬುದನ್ನು ಅಕ್ಷರಗಳ ಸಂಖ್ಯೆಯಿಂದ ಅಳೆಯಲಾಗದು.

ಬಿಡಲಾಗದ ಕೆಲವು ಕಾನೂನು ಪದಗಳೂ ಇವೆ. ‘ಲೀವ್ ಟು ರಿಮೇನ್’ ಅಂಥದ್ದು. ಕನ್ನಡಿಗರಿಗೆ ಲೀವ್ ಎಂದರೆ ರಜೆ, ಇಲ್ಲವೇ ಬಿಟ್ಟುಹೋಗುವುದು. ಇಲ್ಲಿ ಅದು ಉಳಿಯಲು ಅನುಮತಿ. ಹೋಮ್ ಆಫೀಸಿನ ಪತ್ರದಲ್ಲಿ ಅದೇ ಪದ ಇರುವುದರಿಂದ ಅದನ್ನು ಕೈಬಿಡುವಂತಿಲ್ಲ. ಮೊದಲ ಸಲ ಬಂದಾಗ ‘ಪರ್ಮಿಷನ್ ಟು ಸ್ಟೇ’ ಎಂದು ವಿವರಿಸಿ, ಮುಂದೆ ಅದೊಂದನ್ನೇ ಬಳಸಬೇಕು. ಒಮ್ಮೆ ‘ಲೀವ್’, ಒಮ್ಮೆ ‘ಸ್ಟೇಟಸ್’, ಒಮ್ಮೆ ‘ವೀಸಾ’ ಎಂದು ಬದಲಿಸಿದರೆ ಅವು ಮೂರು ಬೇರೆ ಸಂಗತಿಗಳೆಂದು ಓದುಗರು ತಿಳಿಯುತ್ತಾರೆ.

ಪತ್ರ ಅರ್ಥವಾಯಿತೇ ಎಂದು ತಿಳಿಯುವುದು ಹೇಗೆ? ‘ಡು ಯು ಅಂಡರ್‌ಸ್ಟ್ಯಾಂಡ್’ ಎಂದು ಕೇಳಿದರೆ ಸಿಗುವ ‘ಎಸ್’ ಎಷ್ಟೋ ಸಲ ಕನ್ನಡದ ‘ಹೂಂ’ ಮಾತ್ರ. ಕೇಳಿಸಿಕೊಂಡೆ ಎಂದಷ್ಟೇ ಅದರ ಅರ್ಥ. ‘ಡೋಂಟ್ ಯು ವಾಂಟ್ ಟು ಅಪೀಲ್’ ಎಂದು ನಕಾರದಲ್ಲಿ ಕೇಳುವುದು ಇನ್ನೂ ಕೆಟ್ಟದ್ದು. ಬೇಡ ಎನ್ನುವ ಕನ್ನಡಿಗರು ‘ಹೌದು, ಬೇಡ’ ಎಂಬ ಅರ್ಥದಲ್ಲಿ ‘ಎಸ್’ ಎನ್ನಬಹುದು. ವಕೀಲರು ಅದನ್ನು ಬೇಕು ಎಂದು ಬರೆದುಕೊಳ್ಳಬಹುದು. ನೀವು ಮುಂದೆ ಏನು ಮಾಡುತ್ತೀರಿ, ಯಾವ ದಿನದೊಳಗೆ ಮಾಡುತ್ತೀರಿ ಎಂದು ಕೇಳಿದರೆ ಉತ್ತರದಲ್ಲಿಯೇ ತಿಳಿವಳಿಕೆಯ ಅಳತೆ ಸಿಗುತ್ತದೆ. ‘ಮಾರ್ಚ್ 20’ ಎಂಬ ಉತ್ತರ ಬಂದರೆ ತಿದ್ದಲು ಆಗಿನ್ನೂ ಸಮಯವಿರುತ್ತದೆ.

ಎಷ್ಟೇ ತಿಳಿಯಾದ ಇಂಗ್ಲಿಷ್ ಆದರೂ ಇಂಗ್ಲಿಷ್ ಬಾರದವರಿಗೆ ನೆರವಾಗದು. ಅವರಿಗೆ ಕನ್ನಡ ಬಲ್ಲ ದುಭಾಷಿಯೇ ಬೇಕು, ಮನೆಯ ಮಗು ಆ ಕೆಲಸ ಮಾಡಬಾರದು. ಇಂಗ್ಲಿಷ್ ಓದಬಲ್ಲವರ ಪಾಲಿಗೆ ತಿಳಿಯಾದ ಪತ್ರ ವಕೀಲರ ಔದಾರ್ಯವಲ್ಲ. ಇಂಗ್ಲೆಂಡಿನ ಸಾಲಿಸಿಟರ್‌ಗಳ ನಡತೆಸಂಹಿತೆಯ 8.6ನೇ ನಿಯಮದ ಪ್ರಕಾರ ಕಕ್ಷಿದಾರರಿಗೆ ಅರ್ಥವಾಗುವ ರೀತಿಯಲ್ಲಿ ಮಾಹಿತಿ ಕೊಡುವುದು ಅವರ ಕರ್ತವ್ಯ. ಆದ್ದರಿಂದ ಇಂಥ ಪತ್ರ ಕೈಗೆ ಬಂದವರು ನಾಚಿಕೆಪಡಬೇಕಾಗಿಲ್ಲ. ಅದೇ ದಿನ ಮರುಪತ್ರ ಬರೆದು ಎರಡು ಪ್ರಶ್ನೆ ಕೇಳಬಹುದು: ಕೊನೆಯ ದಿನ ಯಾವ ತಾರೀಖು? ಅದಕ್ಕೆ ಮೊದಲು ನನ್ನಿಂದ ಆಗಬೇಕಾದುದೇನು?