‘ಗೈಡ್ ಮಾಡ್ರಿ ಸರ್’
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತು)



ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ಭಾಷಣ ನನಗೆ ಬರುವುದಿಲ್ಲ. ಮಕ್ಕಳಿಗೆ ಮುಂದಿನ ದಾರಿಯ ಬಗ್ಗೆ ನಾಲ್ಕು ಮಾತು ಹೇಳಿರಿ ಎಂದು ಸಮಿತಿಯವರು ಕೇಳಿದರು. ದಾರಿ ಹೇಳುವುದಕ್ಕಿಂತ, ದಾರಿ ಕೇಳುವುದು ಹೇಗೆ ಎಂಬುದನ್ನೇ ಹೇಳುತ್ತೇನೆ. ಅದಕ್ಕೊಂದು ಘಟನೆ ಇದೆ, ಅದರಲ್ಲಿ ನನ್ನ ತಪ್ಪೂ ಇದೆ.

ಹೋದ ವರ್ಷ ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು ಆದಮೇಲೆ ನನಗೆ ಮೆಸೇಜುಗಳು ಬರತೊಡಗಿದವು. ಒಂದು ದಿನ ಹೀಗೆ ಬಂತು: ‘ಗೌರವಾನ್ವಿತ ಸರ್, ನಮಸ್ಕಾರಗಳು. ನಾನು ಡಿಪ್ಲೊಮಾ ಎಲೆಕ್ಟ್ರಿಕಲ್ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ತಾವು ದೊಡ್ಡವರು, ಅನುಭವಸ್ಥರು. ಮುಂದೆ ಏನು ಮಾಡಿದರೆ ಒಳ್ಳೆಯದು, ದಯವಿಟ್ಟು ನನಗೆ ಗೈಡ್ ಮಾಡ್ರಿ ಸರ್.’ ಅದರ ಬೆನ್ನಿಗೇ ಅಂಕಪಟ್ಟಿಗಳ ಐದು ಫೋಟೊ.

ಓದಿದೆ. ‘ಪುರುಸೊತ್ತಾಗಿ ಬರೀಬೇಕು’ ಅಂದುಕೊಂಡೆ. ಏನಂತ ಬರೆಯುವುದು? ಬಿ.ಇ. ಮಾಡು ಅನ್ನಲೋ, ನೌಕರಿ ಹಿಡಿ ಅನ್ನಲೋ? ಮನೆಯ ಪರಿಸ್ಥಿತಿ ಗೊತ್ತಿಲ್ಲ, ಮನಸ್ಸಿನಲ್ಲಿ ಏನಿದೆಯೋ ಗೊತ್ತಿಲ್ಲ. ಆ ಪ್ರಶ್ನೆಗೆ ಉತ್ತರ ಬರೆಯಬೇಕಾದರೆ ಮೊದಲು ನಾನೇ ಹತ್ತು ಪ್ರಶ್ನೆ ಕೇಳಬೇಕಿತ್ತು. ಹಾಗಾಗಿ ಆ ಪುರುಸೊತ್ತು ಬರಲೇ ಇಲ್ಲ. ಹತ್ತೊಂಬತ್ತು ದಿನ ಕಳೆದವು.

ಆಮೇಲೆ ಒಂದು ಮದುವೆಯಲ್ಲಿ ಆ ಹುಡುಗಿ ಸಿಕ್ಕಳು. ನೋಡಿದರೆ ನನ್ನ ಜೊತೆ ಓದಿದ ಗೆಳೆಯನ ಮಗಳು! ‘ಕಾಕಾ, ನಿಮಗ ಮೆಸೇಜ್ ಹಾಕಿದ್ನಿ. ಬಿಜಿ ಇದ್ದಿರಬೇಕಂತ ಸುಮ್ನಾದ್ನಿ’ ಅಂದಳು. ಅಷ್ಟರಲ್ಲಿ ಅವರಪ್ಪ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ಗುತ್ತಿಗೆ ಕೆಲಸಕ್ಕೆ ಮಾತಾಡಿ ಮುಗಿಸಿದ್ದ. ಬಿ.ಇ. ಎರಡನೆಯ ವರ್ಷಕ್ಕೆ ನೇರ ಪ್ರವೇಶ ಸಿಗಬೇಕಾದರೆ ಬರೆಯಬೇಕಾದ ಡಿಸಿಇಟಿ ಪರೀಕ್ಷೆಯ ಅರ್ಜಿಗೆ ನಾಲ್ಕೇ ದಿನ ಉಳಿದಿತ್ತು. ಮದುವೆಯ ಊಟ ನನಗೆ ರುಚಿಸಲಿಲ್ಲ.

ಮರುದಿನ ಅವಳನ್ನು ಮನೆಗೆ ಕರೆದೆ. ಅವಳ ಮನಸ್ಸಿನಲ್ಲಿದ್ದದ್ದು ಹೆಸ್ಕಾಂನಲ್ಲಿ ಇಂಜಿನಿಯರ್ ಆಗಬೇಕೆಂಬ ಆಸೆ. ಮೆಸೇಜಿನಲ್ಲಿ ಆ ಮಾತೇ ಇರಲಿಲ್ಲ! ‘ಯಾಕವ್ವಾ ಬರೀಲಿಲ್ಲ?’ ಅಂದರೆ, ‘ಹಂಗ ನೇರ ಕೇಳಿದ್ರ ಉದ್ಧಟತನ ಆಗತೈತಲ್ಲ ಕಾಕಾ’ ಅಂದಳು.

ಇದು ನಮ್ಮ ಕಡೆಯ ರೀತಿ. ಹಿರಿಯರ ಮನೆಗೆ ಹೋಗುತ್ತೇವೆ, ಚಹಾ ಕುಡಿಯುತ್ತೇವೆ, ಮಳೆ ಬೆಳೆ ಮಾತಾಡುತ್ತೇವೆ, ಎದ್ದು ಚಪ್ಪಲಿ ಮೆಟ್ಟುವಾಗ ಬಂದ ಕೆಲಸ ಹೇಳುತ್ತೇವೆ. ಎದುರಿಗೆ ಕೂತಾಗ ಅದು ನಡೆಯುತ್ತದೆ, ಏಕೆಂದರೆ ಹಿರಿಯರು ನಡುನಡುವೆ ಕೇಳಿ ಕೇಳಿ ವಿಷಯ ಹೊರಗೆ ತೆಗೆಯುತ್ತಾರೆ. ಫೋನಿನ ಮೆಸೇಜಿನಲ್ಲಿ ಹಾಗೆ ಕೇಳುವವರು ಯಾರೂ ಇಲ್ಲ.

ಹೆಸ್ಕಾಂ ವಿಷಯ ನನಗೆ ತಿಳಿಯದು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬರು ಅಲ್ಲಿ ಇಂಜಿನಿಯರ್ ಇದ್ದಾರೆ. ಡಿಪ್ಲೊಮಾ ಮೇಲೆ ಸೇರಿ, ಆಮೇಲೆ ಡಿಗ್ರಿ ಮಾಡಿಕೊಂಡವರು. ಅವರಿಗೆ ಬರೆಯೋಣ ಎಂದು ಇಬ್ಬರೂ ಕೂತೆವು. ಅವಳು ಮತ್ತೆ ‘ಗೌರವಾನ್ವಿತ ಮೇಡಂ, ತಾವು ದೊಡ್ಡವರು’ ಎಂದೇ ಶುರುಮಾಡಿದಳು. ಒಂದು ನಮಸ್ಕಾರ ಇರಲಿ, ಉಳಿದದ್ದು ತೆಗೆ ಅಂದೆ.

ಆಮೇಲೆ ಅವಳಿಗಿದ್ದ ಪ್ರಶ್ನೆಗಳನ್ನೆಲ್ಲ ಹಾಳೆಯ ಮೇಲೆ ಬರೆಸಿದೆ. ಏಳು ಆದವು. ಡಿಸಿಇಟಿ ಯಾವಾಗ, ಶುಲ್ಕ ಎಷ್ಟು ಎಂಬವು ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟಿನಲ್ಲೇ ಇದ್ದವು, ಹೊಡೆದು ಹಾಕಿದೆವು. ಯಾವ ಹುದ್ದೆಗೆ ಏನು ಓದಿರಬೇಕು ಎಂಬುದಕ್ಕೆ ಕೆಪಿಟಿಸಿಎಲ್‌ನ 2022ರ ನೇಮಕಾತಿ ಅಧಿಸೂಚನೆ ತೆಗೆಸಿದೆ. ಕಿರಿಯ ಇಂಜಿನಿಯರ್‌ಗೆ ಡಿಪ್ಲೊಮಾ, ಸಹಾಯಕ ಇಂಜಿನಿಯರ್‌ಗೆ ಬಿ.ಇ. ಎಂದು ಅವಳೇ ಓದಿ ಕಂಡುಕೊಂಡಳು. ಇದಕ್ಕೆಲ್ಲ ಒಂದು ತಾಸು ಹಿಡಿಯಿತು. ಕೊನೆಗೆ ಉಳಿದದ್ದು ಎರಡು ಪ್ರಶ್ನೆ. ಎರಡೂ ಆ ದಾರಿಯಲ್ಲಿ ನಡೆದವರೇ ಹೇಳಬೇಕಾದಂಥವು. ಹೀಗೆ ಬರೆದಳು:

‘ಮೇಡಂ ನಮಸ್ಕಾರ. ನಾನು ನಮ್ಮೂರ ಸರ್ಕಾರಿ ಪ್ರೌಢಶಾಲೆಯಲ್ಲಿ ಕಲಿತವಳು, ಈಗ ಡಿಪ್ಲೊಮಾ ಎಲೆಕ್ಟ್ರಿಕಲ್ ಕೊನೆಯ ಸೆಮಿಸ್ಟರ್, ಇದುವರೆಗೆ 81 ಪರ್ಸೆಂಟ್. ನಿಮ್ಮ ನಂಬರ್ ಕೊಟ್ಟವರು ಶಾಲೆಯ ಹಳೆಯ ವಿದ್ಯಾರ್ಥಿ, ರೈಲ್ವೆಯಿಂದ ನಿವೃತ್ತರಾದ ನನ್ನ ತಂದೆಯ ಗೆಳೆಯರು. ವಿದ್ಯುತ್ ಇಲಾಖೆಗೆ ಸೇರಬೇಕೆಂದಿದ್ದೇನೆ. ಕಿರಿಯ ಇಂಜಿನಿಯರ್‌ಗೆ ಡಿಪ್ಲೊಮಾ ಸಾಕು ಎಂದು 2022ರ ಅಧಿಸೂಚನೆಯಲ್ಲಿ ಓದಿದೆ. ಡಿಸಿಇಟಿ ಬರೆದರೆ ಬಿ.ಇ.ಗೆ ಇನ್ನೂ ಮೂರು ವರ್ಷ. ಮನೆಯಲ್ಲಿ ಅದು ಕಷ್ಟ, ಆದರೆ ಆಗುವುದೇ ಇಲ್ಲ ಎಂದೇನಿಲ್ಲ. ಎರಡು ಪ್ರಶ್ನೆ: 1) ಮುಂದಿನ ನೇಮಕಾತಿಗೆ ಕಾಯುತ್ತ ಗುತ್ತಿಗೆ ಕೆಲಸಕ್ಕೆ ಸೇರುವುದು ಸರಿಯೋ, ಬಿ.ಇ. ಸೇರುವುದೋ? 2) ನೌಕರಿಯಲ್ಲಿದ್ದು ಡಿಗ್ರಿ ಮಾಡುವಾಗ ನಿಮಗೆ ಹೆಚ್ಚು ಕಷ್ಟವಾದದ್ದು ಯಾವುದು? ಡಿಸಿಇಟಿ ಅರ್ಜಿಗೆ ಶುಕ್ರವಾರ ಕೊನೆಯ ದಿನ. ಇಲ್ಲಿಯೇ ಎರಡು ಸಾಲು ಬರೆದರೂ ಸಾಕು, ಅಥವಾ ನೀವು ಹೇಳಿದ ಹೊತ್ತಿಗೆ ಹತ್ತು ನಿಮಿಷ ಫೋನ್ ಮಾಡುತ್ತೇನೆ. ಬಿಡುವಿಲ್ಲದಿದ್ದರೆ ತೊಂದರೆ ಇಲ್ಲ.’

ಒಂದು ಕಡೆ ನಾವಿಬ್ಬರೂ ಜಗಳಾಡಿದೆವು. ‘ನಿಮ್ಮಲ್ಲಿ ಏನಾದರೂ ಕೆಲಸ ಇದ್ದರೆ ನೋಡಿ’ ಎಂದು ಕೊನೆಗೆ ಸೇರಿಸಿದ್ದಳು. ತೆಗೆಸಿದೆ. ಸಲಹೆ ಕೇಳುವವರು ನಿಜಕ್ಕೂ ವಶೀಲಿ ಕೇಳುತ್ತಿದ್ದಾರೆ ಅನ್ನಿಸಿದ ಕೂಡಲೇ ಅಧಿಕಾರದಲ್ಲಿರುವವರು ಬಾಯಿ ಮುಚ್ಚಿಕೊಳ್ಳುತ್ತಾರೆ. ನಾನೂ ಹಾಗೇ ಮಾಡಿದವನು. ಅಂಕಪಟ್ಟಿಯ ಫೋಟೊಗಳನ್ನೂ ಬೇಡ ಅಂದೆ; ಕೇಳಿದರೆ ಕಳಿಸಿದರಾಯಿತು.

ಹೀಗೆ ಬರೆದರೆ ಎಲ್ಲರೂ ಉತ್ತರ ಕೊಡುತ್ತಾರೆ ಎಂದು ನಾನು ಹೇಳಲಾರೆ. ವಾರದ ನಂತರ ಒಮ್ಮೆ ನೆನಪು ಮಾಡಬಹುದು, ಅದಕ್ಕೂ ಉತ್ತರ ಬರದಿದ್ದರೆ ಬಿಟ್ಟು ಬೇರೆಯವರನ್ನು ಕೇಳಬೇಕು. ದಿನಾ ‘ಗುಡ್ ಮಾರ್ನಿಂಗ್’ ಕಳಿಸುವುದು ನೆನಪು ಮಾಡಿದಂತಲ್ಲ, ಕಾಡಿದಂತೆ.

ಮೇಡಂ ಅದೇ ರಾತ್ರಿ ಒಂಬತ್ತೂವರೆಗೆ ಉತ್ತರ ಬರೆದರು. ನೇಮಕಾತಿ ಪ್ರತಿವರ್ಷ ಆಗುವುದಿಲ್ಲ, ಅದನ್ನು ನಂಬಿ ಕೂಡಬೇಡ. ಡಿಸಿಇಟಿ ಬರೆ, ಬಿ.ಇ. ಓದುವಾಗ ಅಧಿಸೂಚನೆ ಬಂದರೆ ಅರ್ಹತೆಯ ಸಾಲುಗಳನ್ನು ಸರಿಯಾಗಿ ಓದಿ ಅರ್ಜಿ ಹಾಕು. ಎರಡನೆಯ ಪ್ರಶ್ನೆಗೆ ಫೋನ್ ಮಾಡು ಎಂದು ಭಾನುವಾರ ಬೆಳಿಗ್ಗೆಯ ಹೊತ್ತು ಕೊಟ್ಟರು. ಮಳೆಗಾಲದಲ್ಲಿ ಲೈನ್ ಹರಿದ ರಾತ್ರಿಗಳು, ಬೆಳಗಾದರೆ ಪರೀಕ್ಷೆ, ತೊಡೆಯ ಮೇಲೆ ಕೂಸು, ಇವನ್ನೆಲ್ಲ ಹೇಳಿದರಂತೆ. ಹತ್ತು ನಿಮಿಷ ಆದಮೇಲೆ ‘ಮೇಡಂ, ಹೊತ್ತಾತ್ರಿ’ ಅಂದಳಂತೆ. ‘ಇರಲಿ, ಮಾತಾಡವ್ವ’ ಎಂದು ಅವರೇ ಇನ್ನೂ ಅರ್ಧ ತಾಸು ಮಾತಾಡಿದರಂತೆ.

ಗುರುವಾರ ಅರ್ಜಿ ಹಾಕಿದಳು. ಗೆಳೆಯ ನನ್ನ ಮೇಲೆ ಸ್ವಲ್ಪ ಸಿಟ್ಟಾಗಿದ್ದ, ಗುತ್ತಿಗೆದಾರನಿಗೆ ಮಾತು ಕೊಟ್ಟಿದ್ದನಲ್ಲ. ಸೀಟು ಸಿಕ್ಕ ದಿನ ಅವಳು ಮೇಡಂಗೆ ಬರೆದದ್ದನ್ನು ನನಗೂ ಕಳಿಸಿದಳು: ‘ನೀವು ಹೇಳಿದಂತೆ ಬರೆದೆ, ಸೀಟು ಸಿಕ್ಕಿದೆ, ಮುಂದಿನ ವಾರದಿಂದ ಕ್ಲಾಸು. ಈಗ ಏನೂ ಪ್ರಶ್ನೆ ಇಲ್ಲ ಮೇಡಂ.’

ಅವಳು ಇವತ್ತು ಕ್ಲಾಸು ಇದ್ದುದರಿಂದ ಇಲ್ಲಿಗೆ ಬಂದಿಲ್ಲ. ಮೇಡಂ ಬಂದಿದ್ದಾರೆ, ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಅವರ ನಂಬರ್ ಮಾತ್ರ ನನ್ನನ್ನು ಕೇಳಬೇಡಿರಿ. ಮೊದಲು ನಿಮ್ಮ ಎರಡು ಪ್ರಶ್ನೆ ಬರೆದುಕೊಂಡು ಬನ್ನಿ, ಅವರನ್ನು ಕೇಳಿ ಕೊಡುತ್ತೇನೆ.