ಆ ಅಂಕಿ ಯಾವ ವರ್ಷದಿಂದ ಶುರುವಾಯ್ತು?

ಇವತ್ತು ಒಂದು ಪ್ರಬಂಧವನ್ನು ಮುಂದಿಟ್ಟುಕೊಂಡು ಮಾತಾಡೋಣ. ಕೆಎಎಸ್, ಯುಪಿಎಸ್‌ಸಿ ಪರೀಕ್ಷೆಗೆ ತಯಾರಿ ಮಾಡೋರು, ಬಿಎ, ಎಂಎ ಓದೋರು ಇಂಥದ್ದನ್ನ ಬರೆದೇ ಇರ್ತೀರಿ, ಇಲ್ಲಾ ಓದಿರ್ತೀರಿ. ಪ್ರಬಂಧದ ವಾದ ಇಷ್ಟು: ಭಾರತದ ಹೆಣ್ಣುಮಕ್ಕಳು ಆರ್ಥಿಕವಾಗಿ ಸ್ವಾವಲಂಬಿಗಳಾಗುತ್ತಿದ್ದಾರೆ. ಸಾಕ್ಷಿ ಏನು? ದುಡಿಮೆಯಲ್ಲಿ ಮಹಿಳೆಯರು ಭಾಗವಹಿಸುವ ಪ್ರಮಾಣ 2017-18ರಲ್ಲಿ ಶೇ. 23.3 ಇತ್ತು, 2023-24ಕ್ಕೆ ಶೇ. 41.7 ಆಯ್ತು. ಆರೇ ವರ್ಷಕ್ಕೆ ಹೆಚ್ಚೂಕಡಿಮೆ ದುಪ್ಪಟ್ಟು.

ಮೊದಲೇ ಹೇಳಿಬಿಡ್ತೀನಿ, ಈ ಎರಡೂ ಅಂಕಿ ಸುಳ್ಳಲ್ಲ. ಕೇಂದ್ರ ಸರ್ಕಾರದ ಅಂಕಿಅಂಶ ಇಲಾಖೆ ನಡೆಸುವ ಪಿಎಲ್‌ಎಫ್‌ಎಸ್ ಅನ್ನೋ ಸಮೀಕ್ಷೆಯಿಂದ ಬಂದದ್ದು. ಮನೆಮನೆಗೆ ಹೋಗಿ ಕೇಳಿ ಮಾಡುವ ಸಮೀಕ್ಷೆ ಅದು. 15 ವರ್ಷ ದಾಟಿದ ನೂರು ಮಹಿಳೆಯರಲ್ಲಿ ಎಷ್ಟು ಮಂದಿ ಕೆಲಸದಲ್ಲಿದ್ದಾರೆ, ಇಲ್ಲಾ ಕೆಲಸ ಹುಡುಕುತ್ತಿದ್ದಾರೆ ಅನ್ನೋದು ಇಲ್ಲಿರುವ ಲೆಕ್ಕ. ಹಾಗಾಗಿ ಪ್ರಬಂಧ ತಿದ್ದುವಾಗ ‘ಅಂಕಿ ಸರಿಯಾ?’ ಅಂತ ಮಾತ್ರ ನೋಡಿದರೆ ಈ ಪ್ರಬಂಧ ಆರಾಮಾಗಿ ಪಾಸು. ಗೂಗಲ್ ಮಾಡಿದರೂ ಅದೇ ಅಂಕಿ ಸಿಗುತ್ತೆ. ನೋಡಬೇಕಾದದ್ದು ಬೇರೆ ಇದೆ.

ನಾನು ಮೊದಲು ಮಾಡೋದು, ಶುರುವಾದ ವರ್ಷವನ್ನ ಬೆರಳಲ್ಲಿ ಹಿಡಿದು ಹಿಂದಕ್ಕೆ ಜರುಗಿಸೋದು. 2017-18ಕ್ಕೆ ಯಾಕೆ ಶುರು ಮಾಡಿದರು? ಪಿಎಲ್‌ಎಫ್‌ಎಸ್ ಶುರುವಾದದ್ದೇ ಆ ವರ್ಷ, ಅದೊಂದು ನ್ಯಾಯವಾದ ಕಾರಣ. ಆದರೆ ಅದಕ್ಕೂ ಮುಂಚೆ ರಾಷ್ಟ್ರೀಯ ಮಾದರಿ ಸಮೀಕ್ಷೆ, ಅಂದ್ರೆ ಎನ್‌ಎಸ್‌ಎಸ್, ಇದೇ ಪ್ರಶ್ನೆಯನ್ನ ಕೇಳ್ತಿತ್ತು. 2011-12ರಲ್ಲಿ ಸಿಕ್ಕ ಉತ್ತರ ಶೇ. 31ರ ಹತ್ತಿರ. ಇನ್ನೂ ಹಿಂದೆ ಹೋದರೆ 2004-05ರಲ್ಲಿ ಶೇ. 42ರ ಮೇಲೆ.

ಈಗ ಚಿತ್ರ ಹೇಗಾಯ್ತು ನೋಡಿ. 42ರಿಂದ 31, ಅಲ್ಲಿಂದ 23, ಮತ್ತೆ ಮೇಲೆ 41.7. ಪ್ರಬಂಧ ತೋರಿಸಿದ್ದು ಬೆಟ್ಟ ಹತ್ತುವ ದಾರಿ. ನಿಜಕ್ಕೂ ಇರೋದು ಕಣಿವೆಗೆ ಇಳಿದು ಮತ್ತೆ ಹತ್ತಿ, ಹೆಚ್ಚುಕಡಿಮೆ ಹೊರಟ ಜಾಗಕ್ಕೇ ಬಂದು ನಿಂತ ದಾರಿ. ಪ್ರಬಂಧ ಕಣಿವೆಯ ತಳದಲ್ಲಿ ನಿಂತು ಫೋಟೋ ತೆಗೆದಿದೆ, ಅಷ್ಟೆ.

ಇದರ ಉಲ್ಟಾ ಪ್ರಬಂಧವನ್ನೂ ನೀವು ಓದಿರಬಹುದು. 2004-05ರಲ್ಲಿ ಶುರು ಮಾಡಿ, 2017-18ಕ್ಕೆ ನಿಲ್ಲಿಸಿ, ‘ಹೆಣ್ಣುಮಕ್ಕಳು ದುಡಿಮೆಯಿಂದ ಕಾಣೆಯಾಗ್ತಿದ್ದಾರೆ’ ಅನ್ನೋದು. ಅದೂ ಬೇಕಾದ್ದನ್ನಷ್ಟೇ ಆರಿಸಿದ್ದು. ಆ ಇಳಿಕೆಯ ಒಂದು ಭಾಗ, ಹದಿನೆಂಟು ಇಪ್ಪತ್ತರ ಹುಡುಗಿಯರು ಹೊಲಕ್ಕೆ ಹೋಗೋ ಬದಲು ಕಾಲೇಜಿಗೆ ಹೋದದ್ದರಿಂದ ಆದದ್ದು. ಅದನ್ನ ನಷ್ಟದ ಖಾತೆಗೆ ಬರೆಯೋಕಾಗುತ್ತಾ? ಹಣ್ಣು ಆರಿಸುವಾಗ ಬೇಕಾದ್ದನ್ನ ಬುಟ್ಟಿಗೆ ಹಾಕಿ ಉಳಿದದ್ದನ್ನ ಬಿಡ್ತೀವಲ್ಲ, ಅಂಕಿಯಲ್ಲಿ ಆ ಕೆಲಸ ಮಾಡೋಕೆ ಎರಡು ವರ್ಷ ಆರಿಸಿಕೊಂಡರೆ ಸಾಕು. ಒಂದೇ ಒಂದು ಸುಳ್ಳು ಹೇಳಬೇಕಾಗಿಲ್ಲ.

ಒಂದು ಎಚ್ಚರ. ಎನ್‌ಎಸ್‌ಎಸ್‌ನ ಹಳೆ ಸಮೀಕ್ಷೆಗಳಿಗೂ ಪಿಎಲ್‌ಎಫ್‌ಎಸ್‌ಗೂ ಮನೆಗಳನ್ನ ಆರಿಸುವ ವಿಧಾನ ಬೇರೆ. ಅದಕ್ಕೇ 2011-12 ಮತ್ತು 2017-18ರ ನಡುವಿನ ವ್ಯತ್ಯಾಸವನ್ನ ದಶಮಾಂಶ ಬಿಂದುವಿನ ತನಕ ಜಗ್ಗಬಾರದು. ಆದರೆ ಕಣಿವೆಯೇ ಇರಲಿಲ್ಲ ಅನ್ನುವಷ್ಟು ದೊಡ್ಡ ವ್ಯತ್ಯಾಸ ಅದಲ್ಲ. ಒಳ್ಳೆ ಪ್ರಬಂಧ ಆಗಿದ್ದರೆ ಈ ಹಳೆ ಅಂಕಿಗಳನ್ನ ಕೊಟ್ಟು, ಪಕ್ಕದಲ್ಲಿ ಈ ಎಚ್ಚರವನ್ನೂ ಒಂದು ಸಾಲಲ್ಲಿ ಬರೀತಿತ್ತು.

ಇನ್ನು ನನಗೆ ಮುಖ್ಯ ಅನ್ನಿಸೋ ವಿಷಯಕ್ಕೆ ಬರ್ತೀನಿ. ಈ ಅಂಕಿ ಯಾರನ್ನ ಎಣಿಸಿದೆ?

ಒಬ್ಬ ಹೆಂಗಸನ್ನ ಕಲ್ಪಿಸಿಕೊಳ್ಳಿ. ಮನೇಲಿ ಎರಡು ಹಸು. ಬೆಳಿಗ್ಗೆ ಎದ್ದು ಹಾಲು ಕರೀತಾಳೆ, ಡೈರಿಗೆ ಹಾಕ್ತಾರೆ, ದುಡ್ಡು ಗಂಡನ ಖಾತೆಗೆ ಹೋಗುತ್ತೆ. ಅವಳ ಕೈಗೆ ಸಂಬಳ ಅಂತ ಒಂದು ರೂಪಾಯಿ ಇಲ್ಲ. ಸಮೀಕ್ಷೆಯ ಲೆಕ್ಕದಲ್ಲಿ ಅವಳು ದುಡಿಯುವವಳು. ‘ಮನೆಯ ಉದ್ಯಮದಲ್ಲಿ ಸಹಾಯಕಿ’ ಅನ್ನೋ ಗುಂಪಿಗೆ ಸೇರ್ತಾಳೆ. ವರ್ಷದ ಬಹುಪಾಲು ಮನೆಗೆಲಸ ಮಾಡಿಕೊಂಡಿದ್ದು, ನಾಟಿ, ಕಳೆ, ಕೊಯ್ಲು ಅಂತ ಸ್ವಂತ ಹೊಲದಲ್ಲಿ ಒಟ್ಟು ಮೂವತ್ತು ದಿನ ದುಡಿದರೂ ಲೆಕ್ಕಕ್ಕೆ ಬರ್ತಾಳೆ. ಆದರೆ ಅದೇ ಹೆಂಗಸು ದಿನವಿಡೀ ಅಡುಗೆ ಮಾಡಿ, ಮಕ್ಕಳನ್ನ, ಅತ್ತೆ ಮಾವನನ್ನ ನೋಡಿಕೊಂಡರೆ ಲೆಕ್ಕಕ್ಕೆ ಬರಲ್ಲ. ಇದು ಸರಿಯೋ ತಪ್ಪೋ ಅನ್ನೋದು ದೊಡ್ಡ ಚರ್ಚೆ. ಅವಳ ಹಾಲು ಕರೆಯುವ ದುಡಿಮೆಯನ್ನ ಎಣಿಸಿದ್ದು ಸರಿಯೇ ಅಂತ ನನಗನ್ನಿಸುತ್ತೆ. ಆದರೆ ಅವಳು ಲೆಕ್ಕದೊಳಗೆ ಬಂದಳು ಅಂದ ಮಾತ್ರಕ್ಕೆ ‘ಸ್ವಾವಲಂಬಿ’ ಆದಳು ಅನ್ನೋಕೆ ಬರಲ್ಲ. ಪ್ರಬಂಧ ಜಾರಿದ್ದು ಇಲ್ಲೇ. ಅಂಕಿ ಹೇಳೋದು ಕೆಲಸದ ಬಗ್ಗೆ, ಪ್ರಬಂಧ ಹೇಳೋದು ಕೈಯಲ್ಲಿರುವ ದುಡ್ಡಿನ ಬಗ್ಗೆ.

ಹಾಗಾದರೆ ಈ ಏರಿಕೆಯೊಳಗೆ ಏನಿದೆ? ಇದಕ್ಕೂ ಅದೇ ಸಮೀಕ್ಷೆಯಲ್ಲೇ ಉತ್ತರ ಇದೆ. ಕೆಲಸದಲ್ಲಿರುವ ಮಹಿಳೆಯರನ್ನ ಅದು ಬಗೆಬಗೆಯಾಗಿ ಬೇರ್ಪಡಿಸಿ ಕೊಡುತ್ತೆ. ತಿಂಗಳ ಸಂಬಳದ ಕೆಲಸದಲ್ಲಿರೋರ ಪಾಲು 2017-18ರಲ್ಲಿ ಶೇ. 21 ಇತ್ತು, 2023-24ರಲ್ಲಿ ಶೇ. 15.9ಕ್ಕೆ ಇಳೀತು. ಸಂಬಳವಿಲ್ಲದ ಸಹಾಯಕಿಯರ ಪಾಲು ಶೇ. 31.7ರಿಂದ 36.7ಕ್ಕೆ ಏರಿತು.

ಇದನ್ನ ಓದಿದ ತಕ್ಷಣ ಎದುರು ಪಕ್ಷದವರು ಇನ್ನೊಂದು ಪ್ರಬಂಧ ಬರೀತಾರೆ: ‘ಮಹಿಳೆಯರ ಸಂಬಳದ ಕೆಲಸ ಕುಸಿದಿದೆ!’ ತಾಳಿ. ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ, ಫೋನಿನ ಕ್ಯಾಲ್ಕುಲೇಟರ್ ಸಾಕು. ಈ ಶೇ. 21, ಶೇ. 15.9 ಎರಡೂ ‘ಕೆಲಸದಲ್ಲಿರೋರ’ ಪೈಕಿ. ಕೆಲಸದಲ್ಲಿರೋರೇ ಎಷ್ಟು ಅಂತ ನೋಡಿದರೆ, ನೂರು ಮಹಿಳೆಯರಲ್ಲಿ ಮೊದಲು 22, ಈಗ ಸುಮಾರು 40. ಇಪ್ಪತ್ತೆರಡರಲ್ಲಿ ಶೇ. 21 ಅಂದ್ರೆ ನಾಲ್ಕೂವರೆ ಚಿಲ್ಲರೆ. ನಲವತ್ತರಲ್ಲಿ ಶೇ. 15.9 ಅಂದ್ರೆ ಆರೂ ಚಿಲ್ಲರೆ. ಅಂದ್ರೆ ಸಂಬಳದ ಕೆಲಸದಲ್ಲಿರುವ ಹೆಂಗಸರು ಕಡಿಮೆಯಾಗಿಲ್ಲ, ಸ್ವಲ್ಪ ಹೆಚ್ಚೇ ಆಗಿದ್ದಾರೆ. ಪಾಲು ಇಳಿದದ್ದು, ಉಳಿದವರು ಅದಕ್ಕಿಂತ ಬಹಳ ಜಾಸ್ತಿಯಾದ್ದರಿಂದ. ಪಾಲನ್ನ ಓದುವಾಗ ‘ಯಾರಲ್ಲಿ ಪಾಲು?’ ಅಂತ ಕೇಳದೇ ಇದ್ದರೆ, ಬೆಳೆದದ್ದೂ ಕುಸಿದ ಹಾಗೆ ಕಾಣುತ್ತೆ.

ಅದೇ ಲೆಕ್ಕವನ್ನ ಮುಂದುವರಿಸಿ. ನೂರರಲ್ಲಿ ಹದಿನೆಂಟು ಮಂದಿ ಹೊಸದಾಗಿ ಕೆಲಸಕ್ಕೆ ಸೇರಿದರು ಅಂದುಕೊಳ್ಳಿ. ಅದರಲ್ಲಿ ಸಂಬಳದ ಕೆಲಸದವರು ಹೆಚ್ಚುಕಡಿಮೆ ಇಬ್ಬರು. ದಿನಗೂಲಿಯವರು ಒಬ್ಬರು. ಸಂಬಳವಿಲ್ಲದ ಮನೆ ಸಹಾಯಕಿಯರು ಎಂಟರಷ್ಟು. ಉಳಿದ ಎಂಟು ಮಂದಿ ಸ್ವಂತ ಕಸುಬಿನವರು. ಹೊಲಿಗೆ, ಗೂಡಂಗಡಿ, ಸ್ವಂತ ಹೊಲ, ಹೀಗೆ. ದುಂಡು ಲೆಕ್ಕ ಇದು, ಅರ್ಧ ಆಚೀಚೆ ಆಗಬಹುದು. ಆದರೆ ಪ್ರಬಂಧದ ವಾದವನ್ನ ತೂಗೋಕೆ ಸಾಕು. ‘ಸ್ವಾವಲಂಬನೆ’ಗೆ ಸಾಕ್ಷಿ ಅಂತ ಹದಿನೆಂಟನ್ನೂ ಕೊಟ್ಟಿದ್ದರು. ಅದರಲ್ಲಿ ಎಂಟನ್ನ ಆ ಪದಕ್ಕೆ ಸಾಕ್ಷಿ ಅನ್ನೋಕೇ ಆಗಲ್ಲ. ಇನ್ನು ಸ್ವಂತ ಕಸುಬಿನ ಎಂಟರ ಬಗ್ಗೆ, ಅವರ ಗಳಿಕೆ ಎಷ್ಟು ಅಂತ ತೋರಿಸೋವರೆಗೂ ಏನೂ ಹೇಳೋಕಾಗಲ್ಲ.

ಇನ್ನೊಂದು ವಿಷಯ ಬೇಗ ಮುಗಿಸ್ತೀನಿ. ದೇಶದ ಸರಾಸರಿ ಅಂತ ಒಂದೇ ಅಂಕಿ ಕೊಟ್ಟರೆ, ಅದು ಎಲ್ಲಿ ಏರಿತು ಅನ್ನೋದು ಮುಚ್ಚಿಹೋಗುತ್ತೆ. ಹಳ್ಳಿಗಳಲ್ಲಿ ಶೇ. 24.6ರಿಂದ 47.6ಕ್ಕೆ ಹೋಗಿದೆ. ನಗರಗಳಲ್ಲಿ 20.4ರಿಂದ 28ಕ್ಕೆ. ಪ್ರಬಂಧದಲ್ಲಿ ಐಟಿ ಕಂಪನಿ, ಸ್ಟಾರ್ಟಪ್ ಅಂತ ಉದಾಹರಣೆ ಕೊಟ್ಟು ಪಕ್ಕದಲ್ಲಿ 41.7 ಇಟ್ಟರೆ, ಉದಾಹರಣೆ ಒಂದೂರಿನದು, ಅಂಕಿ ಇನ್ನೊಂದೂರಿನದು ಆಗುತ್ತೆ. ಇದು ವಿದ್ಯಾರ್ಥಿಗಳು ಮಾತ್ರ ಮಾಡೋದಲ್ಲ, ಟಿವಿ ಚರ್ಚೆಯಲ್ಲೂ ದಿನಾ ನಡೆಯುತ್ತೆ.

ಕಾರಣದ ಮಾತೂ ಇದೆ. ಪ್ರಬಂಧ ಇದಕ್ಕೆಲ್ಲ ಸರ್ಕಾರಿ ಯೋಜನೆಗಳೇ ಕಾರಣ ಅನ್ನುತ್ತೆ. ಇರಬಹುದು. ಆದರೆ ವರ್ಷವರ್ಷದ ಅಂಕಿ ಸಾಲಾಗಿಟ್ಟು ನೋಡಿ: 2018-19ರಲ್ಲಿ 24.5, ಮರುವರ್ಷ 30. ಒಂದೇ ವರ್ಷದಲ್ಲಿ ಐದೂವರೆ ಅಂಶ ಜಿಗಿದಿದೆ. ಆಗ ಈ ಸಮೀಕ್ಷೆಯ ವರ್ಷ ಜುಲೈಯಿಂದ ಜೂನ್ ಇತ್ತು, ಹಾಗಾಗಿ ಆ ವರ್ಷದ ಕೊನೆ ಮೂರು ತಿಂಗಳು ಲಾಕ್‌ಡೌನ್ ಕಾಲ. ಗಂಡನ ಕೂಲಿ ನಿಂತಾಗ ಹೆಂಡತಿ ಹೊಲಕ್ಕಿಳಿದರೂ ಈ ಅಂಕಿ ಏರುತ್ತೆ, ಕೈಗೆ ಒಳ್ಳೆ ಕೆಲಸ ಸಿಕ್ಕಿದರೂ ಏರುತ್ತೆ. ಸಮೀಕ್ಷೆ ನಡೆಸೋರು ಕೆದಕಿ ಕೇಳಿ, ಮೊದಲು ‘ಮನೆಗೆಲಸ’ ಅಂತ ಬರೀತಿದ್ದದ್ದನ್ನ ‘ಕೆಲಸ’ ಅಂತ ಬರೆದರೂ ಏರುತ್ತೆ. ಇವುಗಳಲ್ಲಿ ಯಾವುದು ಎಷ್ಟು ಅಂತ ಈ ಒಂದು ಅಂಕಿಯಿಂದ ಹೇಳೋಕೆ ಸಾಧ್ಯವಿಲ್ಲ. ಕಷ್ಟಕ್ಕೆ ದುಡಿಯೋದು, ಇಷ್ಟಪಟ್ಟು ದುಡಿಯೋದು ಎರಡನ್ನೂ ಬೇರ್ಪಡಿಸಬೇಕಾದರೆ ಗಳಿಕೆ, ದುಡಿದ ಗಂಟೆ ಇವನ್ನೂ ತರಬೇಕು. ಪ್ರಬಂಧ ತಂದಿಲ್ಲ.

ಹೊಸದಾಗಿ ಬರ್ತಿರೋ ಒಂದು ಬಲೆಯನ್ನೂ ಹೇಳ್ತೀನಿ. 2025ರಿಂದ ಪಿಎಲ್‌ಎಫ್‌ಎಸ್ ಪ್ರತಿ ತಿಂಗಳೂ ಅಂಕಿ ಕೊಡ್ತಿದೆ. 2025ರ ಏಪ್ರಿಲ್‌ನಲ್ಲಿ ಮಹಿಳೆಯರ ಪ್ರಮಾಣ ಶೇ. 34ರ ಆಸುಪಾಸು. ಯಾರಾದರೂ ‘41.7ರಿಂದ 34ಕ್ಕೆ ಬಿತ್ತು’ ಅಂತ ಬರೆದರೆ ಅಲ್ಲೇ ನಿಲ್ಲಿಸಿ. ವಾರ್ಷಿಕ ಅಂಕಿ ಕಳೆದ ಇಡೀ ವರ್ಷದ ಬಗ್ಗೆ ಕೇಳಿದ್ದು, ಅಲ್ಲಿ ಮೂವತ್ತು ದಿನದ ದುಡಿಮೆಯೂ ಸೇರುತ್ತೆ. ತಿಂಗಳ ಅಂಕಿ ಕಳೆದ ಏಳು ದಿನದ ಬಗ್ಗೆ ಮಾತ್ರ ಕೇಳಿದ್ದು. ಕೊಯ್ಲಿಗೆ ಹೋಗಿ ಬಂದವಳು ಮೊದಲನೆಯದರಲ್ಲಿ ಇರ್ತಾಳೆ, ಎರಡನೆಯದರಲ್ಲಿ ಇರದೇ ಇರಬಹುದು. ಸೇರಿನಲ್ಲಿ ಅಳೆದದ್ದನ್ನ ಪಾವಿನಲ್ಲಿ ಅಳೆದದ್ದರ ಜೊತೆ ಹೋಲಿಸಿದ ಹಾಗೆ.

ಈಗ ಆ ಪ್ರಬಂಧಕ್ಕೆ ಎಷ್ಟು ಅಂಕ ಕೊಡೋಣ? ಅಂಕಿ ನಿಜ, ಮೂಲವೂ ಗಟ್ಟಿ, ಅದಕ್ಕೆ ಸಲ್ಲಬೇಕಾದ್ದು ಸಲ್ಲಲಿ. ‘2017-18ರ ಮಟ್ಟದಿಂದ ಮಹಿಳೆಯರ ದುಡಿಮೆ ಚೇತರಿಸಿಕೊಂಡಿದೆ, ಬಹುಪಾಲು ಹಳ್ಳಿಗಳಲ್ಲಿ, ಬಹುಪಾಲು ಸ್ವಂತ ಕಸುಬು ಮತ್ತು ಮನೆಯ ಸಹಾಯದ ರೂಪದಲ್ಲಿ’ ಅಂತ ಬರೆದಿದ್ದರೆ ಅದೇ ಅಂಕಿಗಳ ಮೇಲೆ ಆ ವಾಕ್ಯ ಗಟ್ಟಿಯಾಗಿ ನಿಲ್ತಿತ್ತು. ‘ಸ್ವಾವಲಂಬಿಗಳಾಗುತ್ತಿದ್ದಾರೆ’ ಅನ್ನೋ ವಾಕ್ಯ ನಿಲ್ಲಲ್ಲ. ನಾನಾಗಿದ್ದರೆ ಹತ್ತಕ್ಕೆ ನಾಲ್ಕು ಕೊಟ್ಟು, ಪಕ್ಕದಲ್ಲಿ ‘2004-05 ಎಲ್ಲಿ? ಸಂಬಳವಿಲ್ಲದವರು ಎಷ್ಟು?’ ಅಂತ ಎರಡು ಪ್ರಶ್ನೆ ಬರೆದು ವಾಪಸ್ ಕೊಡ್ತಿದ್ದೆ.